ನಾನ್‌ಸ್ಟಿಕ್ಕೋ, ಬೀಡಿನ ಕಾವಲಿಯೋ? ಬಂಗಡೆ ಬಿಳಚಿಕೊಳ್ಳುವುದು ಯಾಕೆ ಅಂತ ಹುಡುಕಿದಾಗ ಸಿಕ್ಕಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಬೀಡಿನ ಕಾವಲಿಗೆ. ಹೋದ ವರ್ಷ 1,400 ರೂಪಾಯಿ ಕೊಟ್ಟು ತೆಳುವಾದ ನಾನ್‌ಸ್ಟಿಕ್ ಪ್ಯಾನ್ ತಂದೆ. ನಾಲ್ಕು ತಿಂಗಳು ಅದರಲ್ಲೇ ಮೀನು ಹುರಿದೆ. ಆಮೇಲೆ ಕಾರವಾರದ ಭಾನುವಾರದ ಸಂತೆಯಲ್ಲಿ 900 ರೂಪಾಯಿಗೆ ಎರಕದ ಕಬ್ಬಿಣದ ಕಾವಲಿ ಸಿಕ್ಕಿತು. ಈಗ ಎರಡೂ ಮನೆಯಲ್ಲಿವೆ, ಆದರೆ ಮೀನಿಗೆ ಒಲೆ ಹತ್ತುವುದು ಒಂದೇ.

ನಾನ್‌ಸ್ಟಿಕ್ಕಿನಲ್ಲಿ ಮೀನು ಅಂಟಲಿಲ್ಲ, ಮುರಿಯಲಿಲ್ಲ. ತೊಂದರೆ ಬೇರೆ ಇತ್ತು. ಬಂಗಡೆಗೆ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ, ನಾಲ್ಕು ಮೀನು ಒಟ್ಟಿಗೆ ಹಾಕುತ್ತಿದ್ದೆ. ಮೊದಲು ಚೊಂಯ್ ಅಂತ ಜೋರು ಸದ್ದು. ಅರ್ಧ ನಿಮಿಷದಲ್ಲಿ ಅದು ತಗ್ಗಿ ಗುಳುಗುಳು ಸದ್ದಾಗುತ್ತಿತ್ತು. ಮೀನಿನ ಸುತ್ತ ಬೆಳ್ಳಗೆ ನೀರು ಬಿಡುತ್ತಿತ್ತು. ಹತ್ತು ನಿಮಿಷ ಬಿಟ್ಟು ನೋಡಿದರೆ ರವೆ ಒದ್ದೆ ಹಿಟ್ಟಿನ ಹಾಗೆ, ಮೀನು ಖಾರದ ಪುಡಿಯಿಂದ ಕೆಂಪು ಅಷ್ಟೇ, ಹುರಿದ ಬಣ್ಣ ಇಲ್ಲ. ಆಯಿ ಒಂದು ದಿನ ಒಲೆಯ ಹತ್ತಿರ ನಿಂತು ಕೇಳಿದಳು, "ಮೀನು ಹುರೀತಾ ಇದ್ದೀಯೋ, ಬೇಯಿಸ್ತಾ ಇದ್ದೀಯೋ?"

ಅವಳು ಕೇಳಿದ್ದು ಸರಿಯಾಗೇ ಇತ್ತು. ಎಣ್ಣೆ ಇದ್ದರೂ ಆ ಪ್ಯಾನಿನಲ್ಲಿ ನಡೆಯುತ್ತಿದ್ದದ್ದು ಬೇಯಿಸುವ ಕೆಲಸವೇ.

ಹುರಿದ ಮೀನಿಗೆ ಆ ಕಂದು ಬಣ್ಣ, ಆ ಘಮ ಬರುವುದು ಮೀನಿನ ಮತ್ತು ರವೆಯ ಪ್ರೋಟೀನಿನ ತುಣುಕುಗಳು ಅಲ್ಲೇ ಇರುವ ಸಕ್ಕರೆಯ ಅಂಶದ ಜೊತೆ ಬಿಸಿಯಲ್ಲಿ ಸೇರಿದಾಗ. ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಾಮಿಯ್ ಮಯಾರ್ 1912ರಲ್ಲಿ ಇದರ ಬಗ್ಗೆ ಬರೆದ. ಅದಕ್ಕೇ ಇದಕ್ಕೆ ಮಯಾರ್ ಕ್ರಿಯೆ ಅನ್ನುತ್ತಾರೆ. ಕಡಿಮೆ ಬಿಸಿಯಲ್ಲೂ ಅದು ನಡೆಯುತ್ತದೆ, ಆದರೆ ತುಂಬ ನಿಧಾನ. ನಮ್ಮ ಊಟದ ಹೊತ್ತಿಗೆ ಬಣ್ಣ ಬರಬೇಕಾದರೆ ಮೀನಿನ ಮೈ ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಬೇಕು.

ಇಲ್ಲೇ ನೀರು ಅಡ್ಡ ಬರುತ್ತದೆ. ಕಾರವಾರ ಸಮುದ್ರ ಮಟ್ಟದಲ್ಲಿದೆ, ಇಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮೀನಿನ ಮೈ ಮೇಲೆ ನೀರಿನ ಪಸೆ ಇರುವವರೆಗೂ ಒಲೆ ಕೊಡುವ ಬಿಸಿಯೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಮೈ 100 ಡಿಗ್ರಿಯ ಹತ್ತಿರವೇ ನಿಂತುಬಿಡುತ್ತದೆ. ಉರಿ ಜಾಸ್ತಿ ಮಾಡಿದರೆ ನೀರು ಬೇಗ ಹೋದೀತು, ಆದರೆ ಪೂರ್ತಿ ಹೋಗುವ ತನಕ ಬಣ್ಣ ಬರುವುದಿಲ್ಲ. (ಶಿರಸಿಯ ಎತ್ತರದಲ್ಲಿ ನೀರು ಎರಡು ಡಿಗ್ರಿ ಮೊದಲೇ ಕುದಿಯುತ್ತದೆ. ಅಲ್ಲಿ ಬಾಳೆಕಾಯಿ ಪೋಡಿ ಮಾಡುವವರಿಗೂ ಕಥೆ ಇದೇ.)

ನೀರನ್ನು ಕುದಿಯುವ ತನಕ ಬಿಸಿ ಮಾಡುವುದು ಸುಲಭ. ಕುದಿಯುವ ನೀರನ್ನು ಆವಿ ಮಾಡುವುದು ಕಷ್ಟ. ನಲ್ಲಿಯ ನೀರನ್ನು 100 ಡಿಗ್ರಿಗೆ ತರಲು ಎಷ್ಟು ಶಾಖ ಬೇಕೋ ಅದರ ಏಳು ಪಟ್ಟಿಗೂ ಜಾಸ್ತಿ ಶಾಖ ಅದನ್ನು ಪೂರ್ತಿ ಆವಿ ಮಾಡಲು ಬೇಕು. ನಾಲ್ಕು ಬಂಗಡೆ ತೊಳೆದು, ನೀರು ಬಸಿದು, ಹಳೆಯ ಪಂಚೆಯ ತುಂಡಿನಿಂದ ಒರೆಸಿದೆ. ಒರೆಸುವ ಮೊದಲು ಮತ್ತು ಆಮೇಲೆ ಬಟ್ಟೆಯನ್ನು ತೂಗಿದೆ. 20 ಗ್ರಾಂ ಜಾಸ್ತಿ ಬಂತು. ಬಸಿದಾಗಿದೆ, ಸಾಕು ಅಂತ ನಾನು ಅಂದುಕೊಂಡಿದ್ದ ಮೀನಿನ ಮೈಯಲ್ಲಿ ಇಷ್ಟು ನೀರಿತ್ತು.

ಈ 20 ಗ್ರಾಂ ಆವಿಯಾಗಲು ಸುಮಾರು 45 ಕಿಲೋಜೂಲ್ ಶಾಖ ಬೇಕು. ಮೀನು ಬಿದ್ದ ಕ್ಷಣಕ್ಕೆ ಅದನ್ನು ಕೊಡಬೇಕಾದ್ದು ಕಾಯ್ದ ಪಾತ್ರೆ. ನನ್ನ ನಾನ್‌ಸ್ಟಿಕ್ ಅಲ್ಯುಮಿನಿಯಂದು, ಅರ್ಧ ಕೆಜಿ ತೂಗುತ್ತದೆ. ಅದು 200 ಡಿಗ್ರಿಯಲ್ಲಿದ್ದರೆ, ಇಷ್ಟು ಶಾಖ ಕೊಟ್ಟು ಮುಗಿಸುವಾಗ 100 ಡಿಗ್ರಿಗೆ ಇಳಿದಿರುತ್ತದೆ. ಬೀಡಿನ ಕಾವಲಿ ಎರಡು ಕೆಜಿ. ಅದೇ 200ರಿಂದ ಶುರುಮಾಡಿ ಅಷ್ಟೇ ಶಾಖ ಕೊಟ್ಟರೆ ಅದು 150ಕ್ಕೆ ನಿಲ್ಲುತ್ತದೆ. ಒಂದು ಪಾತ್ರೆ ಬಣ್ಣ ಬರುವ ಗೆರೆಯ ಕೆಳಗೆ, ಇನ್ನೊಂದು ಮೇಲೆ. ಕೆಜಿಗೆ ಕೆಜಿ ಹೋಲಿಸಿದರೆ ಅಲ್ಯುಮಿನಿಯಂ ಕಬ್ಬಿಣದ ಎರಡು ಪಟ್ಟು ಶಾಖ ಹಿಡಿಯುತ್ತದೆ. ಆದರೆ ನಾವು ಕೊಳ್ಳುವ ಪ್ಯಾನ್ ಅಷ್ಟು ಹಗುರ, ಹಾಗಾಗಿ ಆ ಗುಣ ಕೆಲಸಕ್ಕೆ ಬರುವುದಿಲ್ಲ.

ಇದು ಒರಟು ಲೆಕ್ಕ, ಒಲೆಯ ಉರಿಯನ್ನು ಸೇರಿಸಿಲ್ಲ. ಒಲೆ ಮತ್ತೆ ಶಾಖ ತುಂಬುತ್ತಲೇ ಇರುತ್ತದೆ, ನಿಜ. ಆದರೆ ಅದಕ್ಕೆ ಸಮಯ ಬೇಕು. ಅಷ್ಟರಲ್ಲಿ ಮೀನಿನ ಮಾಂಸ 60 ಡಿಗ್ರಿಯ ಸುತ್ತ ಬಿಗಿಯಾಗಿ ತನ್ನೊಳಗಿನ ನೀರನ್ನು ಹೊರಗೆ ಹಿಂಡುತ್ತದೆ. ಆ ನೀರನ್ನೂ ಆವಿ ಮಾಡಬೇಕು. ತಣ್ಣಗಾದ ಪ್ಯಾನಿಗೆ ಅದು ಆಗದೆ ನೀರು ಅಲ್ಲೇ ನಿಲ್ಲುತ್ತದೆ. ನಾನು ನೋಡುತ್ತಿದ್ದ ಬಿಳಿ ನೀರು ಇದೇ. ಬಣ್ಣ ಬರಲಿ ಅಂತ ಕಾದರೆ ಒಳಗೆ ಮೀನು ಹತ್ತಿಯ ಹಾಗೆ ಒಣಗುತ್ತದೆ. ಬಂಗಡೆ ಬೇಯಲು ಒಂದೊಂದು ಬದಿಗೆ ನಾಲ್ಕು ನಿಮಿಷ ಸಾಕು. ಬಣ್ಣವೂ ಅಷ್ಟರೊಳಗೇ ಬರಬೇಕು.

ನಾನ್‌ಸ್ಟಿಕ್ಕನ್ನೇ ಇನ್ನೂ ಜಾಸ್ತಿ ಕಾಯಿಸಬಹುದಲ್ವಾ ಅಂತ ನಾನೂ ಯೋಚಿಸಿದೆ. ಆಗುವುದಿಲ್ಲ. ಸುಮಾರು 260 ಡಿಗ್ರಿ ದಾಟಿದರೆ ಅದರ ಲೇಪನ ಕೆಡಲು ಶುರುವಾಗಿ ಕೆಟ್ಟ ಹೊಗೆ ಬಿಡುತ್ತದೆ. ತೆಳುವಾದ ಖಾಲಿ ಪ್ಯಾನ್ ದೊಡ್ಡ ಉರಿಯಲ್ಲಿ ಕೆಲವೇ ನಿಮಿಷಗಳಲ್ಲಿ ಅಲ್ಲಿಗೆ ಮುಟ್ಟುತ್ತದೆ. ಬೀಡಿನ ಕಾವಲಿಗೆ ಈ ಭಯ ಇಲ್ಲ.

ಇಷ್ಟು ತಿಳಿದ ಮೇಲೆ ಒಂದು ಬೆಳಿಗ್ಗೆ ಎಂಟು ಬಂಗಡೆ ತಂದು ಸರಿಯಾಗಿ ಪರೀಕ್ಷೆ ಮಾಡಿದೆ. ಎಲ್ಲದಕ್ಕೂ ಒಂದೇ ಮಸಾಲೆ, ಒಂದೇ ರವೆ. ಪ್ರತಿ ಪಾತ್ರೆಯಲ್ಲಿ ಎರಡು ಒರೆಸಿದ ಮೀನು, ಎರಡು ಬರೀ ಬಸಿದ ಮೀನು, ಬೇರೆ ಬೇರೆ ಸಲ. ಒರೆಸಿ ಬೀಡಿನ ಕಾವಲಿಗೆ ಹಾಕಿದ್ದು ನಾಲ್ಕೇ ನಿಮಿಷಕ್ಕೆ ಕಂದಾಯಿತು, ಗರಿಗರಿ ಆಯಿತು. ಒರೆಸಿ ನಾನ್‌ಸ್ಟಿಕ್ಕಿಗೆ ಹಾಕಿದ್ದಕ್ಕೆ ಆರು ನಿಮಿಷ ಬೇಕಾಯಿತು. ಬಣ್ಣ ಬಂತು, ಮಾಂಸ ಸ್ವಲ್ಪ ಒಣಗಿತು. ಒದ್ದೆ ಮೀನು ಬೀಡಿನ ಕಾವಲಿಯಲ್ಲಿ ತೇಪೆ ತೇಪೆಯಾಗಿ ಕಂದಾಯಿತು, ಮಸಾಲೆ ಅರ್ಧ ಕಾವಲಿಗೇ ಅಂಟಿತು. ಒದ್ದೆ ಮೀನು ನಾನ್‌ಸ್ಟಿಕ್ಕಿನಲ್ಲಿ ಹಳೆಯ ಕಥೆಯೇ, ಬಿಳಚು.

ನನ್ನ ಮೆಚ್ಚಿನ ಕಾವಲಿಗೆ ವಿರುದ್ಧವಾದರೂ ಒಂದು ಮಾತು ಹೇಳಲೇಬೇಕು. ಒರೆಸಿದ ಮೀನು ಸಾಧಾರಣ ಪ್ಯಾನಿನಲ್ಲಿ ಆದಷ್ಟು ಚೆನ್ನಾಗಿ ಒದ್ದೆ ಮೀನು ಒಳ್ಳೆಯ ಕಾವಲಿಯಲ್ಲೂ ಆಗಲಿಲ್ಲ. ದುಡ್ಡು ಹಾಕುವ ಮೊದಲು ಬಟ್ಟೆ ಹಿಡಿಯಿರಿ.

ಒರೆಸುವುದರಲ್ಲೂ ಕ್ರಮ ಇದೆ. ಉಪ್ಪು ನೀರನ್ನು ಹೊರಗೆ ಎಳೆಯುತ್ತದೆ. ಉಪ್ಪು ಹಚ್ಚಿ ಇಟ್ಟು ಹಾಗೇ ಹುರಿದರೆ ನಾವೇ ಮೀನನ್ನು ಒದ್ದೆ ಮಾಡಿದ ಹಾಗೆ. ನಾನು ಮೀನಿಗೆ ಗೀರು ಹಾಕಿ, ಉಪ್ಪು ಅರಿಶಿನ ಸವರಿ 20 ನಿಮಿಷ ಬಿಡುತ್ತೇನೆ. ಬಿಟ್ಟ ನೀರನ್ನು ಚೆಲ್ಲಿ, ಗೀರಿನ ಒಳಗೂ ಹೊಟ್ಟೆಯ ಒಳಗೂ ಬಟ್ಟೆ ಒತ್ತಿ ಒರೆಸುತ್ತೇನೆ. ಆಮೇಲೆ ಖಾರ, ಬೆಳ್ಳುಳ್ಳಿಯ ಗಟ್ಟಿ ಮಸಾಲೆ, ತೆಳ್ಳಗೆ. ಮಸಾಲೆ ಅರೆಯುವಾಗ ನೀರು ಚಮಚದಲ್ಲಿ ಅಳೆದು ಹಾಕಬೇಕು. ಹುಳಿಯೂ ಕಡಿಮೆ ಇರಲಿ, ಹುಳಿ ಜಾಸ್ತಿಯಾದರೆ ಬಣ್ಣ ಬರುವುದು ನಿಧಾನ ಆಗುತ್ತದೆ. ನಾನು ಮುರುಗಲು ನೀರು ಬಿಟ್ಟು, ತಿನ್ನುವಾಗ ಲಿಂಬೆ ಹಿಂಡುತ್ತೇನೆ. ರವೆಯಲ್ಲಿ ಹೊರಳಿಸುವುದು ಕಾವಲಿ ಕಾದ ಮೇಲೆಯೇ. ಹತ್ತು ನಿಮಿಷ ಮೊದಲೇ ಹಚ್ಚಿಟ್ಟರೆ ರವೆ ಮಸಾಲೆಯ ನೀರು ಕುಡಿದು ಮೆತ್ತಗಾಗುತ್ತದೆ.

ಮಳೆಗಾಲದಲ್ಲಿ ನಮ್ಮ ಗಾಳಿಯೇ ಒದ್ದೆ. ಫ್ಯಾನ್ ಕೆಳಗೆ ಇಟ್ಟರೆ ಮೀನು ಒಣಗುವುದಿಲ್ಲ. ಫ್ರಿಜ್ಜಿನ ಗಾಳಿ ಒಣ, ಅಲ್ಲಿ ಮುಚ್ಚದೆ ಒಂದು ಗಂಟೆ ಇಟ್ಟರೆ ಚರ್ಮ ಕೈಗೆ ಒಣಗಿದ್ದು ಗೊತ್ತಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುವಾಗ ಪೇಟೆಗೆ ಬರುವ ಫ್ರೀಜರ್ ಮೀನಿಗೆ ಇದು ಬೇಕೇ ಬೇಕು. ಮಂಜುಗಡ್ಡೆಯ ಹರಳುಗಳು ಮಾಂಸವನ್ನು ಒಳಗೇ ಸೀಳಿರುತ್ತವೆ, ಕರಗಿದ ಮೇಲೆ ನೀರು ಸೋರುತ್ತಲೇ ಇರುತ್ತದೆ. ಅಂಥ ಮೀನನ್ನು ನಾನು ಎರಡು ಸಲ ಒರೆಸುತ್ತೇನೆ.

ಕಾವಲಿ ಕಾದಿದೆಯೋ ಇಲ್ಲವೋ ಅಂತ ತಿಳಿಯಲು ಎಣ್ಣೆಗೆ ಒಂದು ಚಿಟಿಕೆ ರವೆ ಹಾಕಿ. ತಕ್ಷಣ ಸುತ್ತ ಸಣ್ಣ ಗುಳ್ಳೆ ಎದ್ದು, ಅರ್ಧ ನಿಮಿಷದೊಳಗೆ ರವೆ ಹೊಂಬಣ್ಣಕ್ಕೆ ತಿರುಗಿದರೆ ಸರಿ. ಸುಮ್ನೆ ತಳದಲ್ಲಿ ಕೂತರೆ ಇನ್ನೂ ಕಾಯಬೇಕು. ನನ್ನ ಕಾವಲಿಗೆ ನಡು ಉರಿಯಲ್ಲಿ ಆರೇಳು ನಿಮಿಷ ಹಿಡಿಯುತ್ತದೆ. ಮೀನು ಹಾಕಿದ ಮೇಲೆ ಕಿವಿ ಕೊಡಿ. ಚೊಂಯ್ ಸದ್ದು ಗಟ್ಟಿಯಾಗಿ ಮುಂದುವರಿಯಬೇಕು. ಗುಳುಗುಳುಗೆ ಇಳಿದರೆ ಒಂದು ಮೀನು ಎತ್ತಿ ತೆಗೆದು ಉರಿ ಏರಿಸಿ. ಮೀನುಗಳ ನಡುವೆ ಎರಡು ಬೆರಳು ಜಾಗ ಇರಲಿ, ಆವಿ ಹೋಗಲಿಕ್ಕೆ. ಮುಚ್ಚಳ ಬೇಡ.

ಎಣ್ಣೆಯ ಬಗ್ಗೆ: ಗಾಣದ ತೆಂಗಿನೆಣ್ಣೆ ಸುಮಾರು 175 ಡಿಗ್ರಿಗೇ ಹೊಗೆಯಾಡುತ್ತದೆ. ಹಾಗಾಗಿ ಹುರಿಯುವುದು ರಿಫೈಂಡ್ ಶೇಂಗಾ ಎಣ್ಣೆಯಲ್ಲಿ. ತೆಂಗಿನೆಣ್ಣೆಯ ಪರಿಮಳ ಇಲ್ಲದ ಮೀನು ನಮ್ಮ ಮನೆಯಲ್ಲಿ ಯಾರಿಗೂ ಸೇರದು, ಅದಕ್ಕೆ ಇಳಿಸುವಾಗ ಒಂದು ಚಮಚ ಮೇಲೆ ಬಿಡುತ್ತೇನೆ.

ಸ್ಟೀಲ್ ಪ್ಯಾನನ್ನೂ ನೋಡಿದೆ. ರವೆ ತಳಕ್ಕೆ ಹಿಡಿಯಿತು, ಮುಂದುವರಿಸಲಿಲ್ಲ.

ಬೀಡಿನ ಕಾವಲಿಗೂ ಕೊರತೆ ಇದೆ. ಭಾರ, ಆಯಿಗೆ ಒಂದು ಕೈಯಲ್ಲಿ ಎತ್ತಲು ಆಗದು. ನಮ್ಮ ಉಪ್ಪು ಗಾಳಿಗೆ ಒಂದು ರಾತ್ರಿ ಒದ್ದೆ ಬಿಟ್ಟರೆ ಬೆಳಿಗ್ಗೆ ತುಕ್ಕು. ತೊಳೆದು, ಒಲೆಯ ಮೇಲೆ ಒಣಗಿಸಿ, ಎಣ್ಣೆ ಸವರಿ ಇಡಲೇಬೇಕು. ನಮ್ಮಲ್ಲಿ ವಾರಕ್ಕೆ ಮೂರು ದಿನ ಮೀನು ಹುರಿಯುತ್ತೇವೆ, ಒಮ್ಮೆಗೆ ನಾಲ್ಕು. ಅದಕ್ಕೆ ಈ ಕೆಲಸ ನನಗೆ ಭಾರ ಅನ್ನಿಸಿಲ್ಲ. ತಿಂಗಳಿಗೊಮ್ಮೆ ಎರಡೇ ಮೀನು ಹುರಿಯುವ ಮನೆಯಾದರೆ ಇರುವ ನಾನ್‌ಸ್ಟಿಕ್ಕೇ ಸಾಕು. ಚೆನ್ನಾಗಿ ಒರೆಸಿ, ಒಂದೊಂದೇ ಹಾಕಿ, ಒಂದು ತೆಗೆದ ಮೇಲೆ ಪ್ಯಾನ್ ಮತ್ತೆ ಕಾಯಲು ಒಂದು ನಿಮಿಷ ಬಿಡಿ.