ಡಿವಿಆರ್ ಕೆಟ್ಟಿರಲಿಲ್ಲ, ರೆಸಲ್ಯೂಷನ್ ತಪ್ಪಿತ್ತು ಅಷ್ಟೇ: ಹಾರ್ಡ್ ಡಿಸ್ಕ್ ಅಳಿಸಲು ಬಿಡುವ ಮೊದಲು ಇದನ್ನು ಓದಿ

ತಿಪಟೂರಿನಲ್ಲಿ ನಮ್ಮದು ಕೊಬ್ಬರಿ ಮಂಡಿ. ಸಿಸಿಟಿವಿ ಕ್ಯಾಮೆರಾಗಳ ಚಿತ್ರ ರೆಕಾರ್ಡ್ ಮಾಡುವ ಎಂಟು ಚಾನೆಲ್‌ನ ಡಿವಿಆರ್ ಹಿಂದಿನ ರೂಮಿನಲ್ಲಿದೆ. ಅಲ್ಲಿಂದ ಉದ್ದದ ವಿಜಿಎ ಕೇಬಲ್ ಎಳೆದು ಗಲ್ಲಾ ಹತ್ತಿರ ಒಂದು ಹಳೇ ಹದಿನೆಂಟೂವರೆ ಇಂಚಿನ ಮಾನಿಟರ್ ಇಟ್ಟಿದ್ದೇವೆ. ನಾಲ್ಕು ವರ್ಷದಿಂದ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ.

ಕಳೆದ ತಿಂಗಳು ಮನೆಗೆಂದು 43 ಇಂಚಿನ ಫುಲ್ ಎಚ್‌ಡಿ ಟಿವಿ ತರಿಸಿದೆ. ಅದು ಮೊದಲು ಅಂಗಡಿಗೆ ಬಂತು. ಸಂಜೆ ಬಾಗಿಲು ಹಾಕುವ ಹೊತ್ತು, ಮಾನಿಟರ್ ಆಗಲೇ ಆಫ್ ಮಾಡಿದ್ದೆ. ಅಕ್ಕನ ಮಗ, "ಮಾವ, ಸುಮ್ನೆ ಒಂದ್ಸಲ ಕ್ಯಾಮೆರಾ ಇದ್ರಲ್ಲಿ ಹಾಕಿ ನೋಡೋಣ" ಎಂದು ಎಚ್‌ಡಿಎಂಐ ಕೇಬಲ್ ಚುಚ್ಚಿದ. ಚಿತ್ರ ಸ್ವಲ್ಪ ಮಬ್ಬಾಗಿತ್ತು. ಮೆನುಗೆ ಹೋಗಿ Resolution ಎಂಬಲ್ಲಿ 1920x1080 ಆರಿಸಿ Apply ಒತ್ತಿದ. ಡಿವಿಆರ್ ಒಂದ್ಸಲ ಆಫ್ ಆಗಿ ಆನ್ ಆಯ್ತು, ಚಿತ್ರ ಕನ್ನಡಿ ಹಾಗೆ ಬಂತು. ಖುಷಿಯಾಗಿ ಟಿವಿ ಕಟ್ಟಿಕೊಂಡು ಮನೆಗೆ ಹೋದೆವು.

ಮರುದಿನ ಬೆಳಿಗ್ಗೆ ಮಾನಿಟರ್ ಆನ್ ಮಾಡಿದರೆ ಕಪ್ಪು ಪರದೆ. ನಡುವೆ ಒಂದು ಚಿಕ್ಕ ಡಬ್ಬಿ ಅತ್ತಿತ್ತ ತೇಲುತ್ತಿತ್ತು, ಅದರಲ್ಲಿ Input Not Supported ಎಂದು ಬರೆದಿತ್ತು. ಕೇಬಲ್ ಕಿತ್ತು ಹಾಕಿದೆ, ಡಿವಿಆರ್ ಆಫ್ ಮಾಡಿ ಆನ್ ಮಾಡಿದೆ. ಮೊದಲು ಕಂಪನಿಯ ಗುರುತು ಕೂಡ ಕಾಣಲಿಲ್ಲ. ಹಿಂದಿನ ರಾತ್ರಿಯ ಟಿವಿಗೂ ಇದಕ್ಕೂ ಸಂಬಂಧ ಇರಬಹುದು ಅಂತ ನನಗೆ ಹೊಳೆಯಲೇ ಇಲ್ಲ.

ಸಿಸಿಟಿವಿ ಹಾಕುವ ಒಬ್ಬರನ್ನು ಕರೆಸಿದೆ. ಬಂದವರು ಮಾನಿಟರ್ ಕಡೆ ಒಂದು ನೋಟ, ಡಿವಿಆರ್ ಕಡೆ ಒಂದು ನೋಟ. "ಬೋರ್ಡ್ ಹ್ಯಾಂಗ್ ಆಗಿದೆ ಸಾರ್, ರಿಸೆಟ್ ಮಾಡಬೇಕು." ಮುಚ್ಚಳ ಬಿಚ್ಚಿ, ಒಳಗಿನ ಬಟನ್ ಒತ್ತಿ ಹಿಡಿದು ಫ್ಯಾಕ್ಟರಿ ರಿಸೆಟ್ ಮಾಡಿದರು. ಮಾನಿಟರ್‌ನಲ್ಲಿ ಚಿತ್ರ ಬಂತು! ನನಗೂ ಸಮಾಧಾನ. ಆಮೇಲೆ ಹೊಸ ಡಿವಿಆರ್‌ಗೆ ಕೇಳುವ ಹಾಗೆ ಒಂದೊಂದೇ ಪ್ರಶ್ನೆ ಬಂತು: ಭಾಷೆ, ಪಾಸ್‌ವರ್ಡ್, ತಾರೀಖು. ಹಾರ್ಡ್ ಡಿಸ್ಕ್ ಪುಟ ಬಂದಾಗ ಅವರು Initialize ಒತ್ತಿ OK ಕೊಟ್ಟರು. ನಾನು ಪಕ್ಕದಲ್ಲೇ ಟೀ ಕುಡಿಯುತ್ತಾ ನಿಂತಿದ್ದೆ. 1,800 ರೂಪಾಯಿ ಕೊಟ್ಟು ಕಳಿಸಿದೆ.

ಮಧ್ಯಾಹ್ನ ಹಮಾಲಿಗಳ ಮೇಸ್ತ್ರಿ ಬಂದರು. ಎರಡು ದಿನದ ಹಿಂದಿನ ಲಾರಿ ಲೋಡು. ನಮ್ಮ ಲೆಕ್ಕದಲ್ಲಿ 41 ಮೂಟೆ, ಅವರ ಲೆಕ್ಕದಲ್ಲಿ 42. "ಕ್ಯಾಮೆರಾದಲ್ಲಿ ಎಣಿಸಿ ಬಿಡೋಣ ಬನ್ನಿ" ಎಂದು ಪ್ಲೇಬ್ಯಾಕ್ ತೆಗೆದರೆ ಬೆಳಿಗ್ಗೆ ಹನ್ನೊಂದಕ್ಕಿಂತ ಹಿಂದಿನದು ಏನೂ ಇಲ್ಲ. Initialize ಅಂದರೆ ಡಿಸ್ಕ್ ಅಳಿಸುವುದು; ಇಪ್ಪತ್ತು ದಿನಕ್ಕೂ ಮೇಲಿನ ರೆಕಾರ್ಡಿಂಗ್ ಒಂದೇ ಒಂದು OKಗೆ ಹೋಗಿತ್ತು.

ಮುಂದಿನ ಭಾನುವಾರ ಅಕ್ಕನ ಮಗನಿಗೆ ಅನುಮಾನ ಬಂತು. ಡಿವಿಆರ್ ಅನ್ನೇ ಎತ್ತಿಕೊಂಡು ಮನೆಗೆ ಹೋದೆವು. ಟಿವಿಗೆ ಹಾಕಿ ಮತ್ತೆ 1920x1080 ಇಟ್ಟ. ವಾಪಸ್ ಅಂಗಡಿಗೆ ತಂದು ಮಾನಿಟರ್‌ಗೆ ಚುಚ್ಚಿದರೆ ಅದೇ ಕಪ್ಪು ಪರದೆ, ಅದೇ ತೇಲುವ ಡಬ್ಬಿ. ಬೋರ್ಡೂ ಇಲ್ಲ, ಹ್ಯಾಂಗೂ ಇಲ್ಲ.

ವಿಷಯ ಇಷ್ಟೇ. ನಮ್ಮಂಥ ಸಾಮಾನ್ಯ ಡಿವಿಆರ್‌ಗಳಲ್ಲಿ ಎಚ್‌ಡಿಎಂಐ ಮತ್ತು ವಿಜಿಎ ಎರಡು ತೂತಿದ್ದರೂ ಹೊರಗೆ ಬರುವುದು ಒಂದೇ ಚಿತ್ರ, ಒಂದೇ ರೆಸಲ್ಯೂಷನ್‌ನಲ್ಲಿ. ಎರಡಕ್ಕೂ ಬೇರೆ ಬೇರೆ ಇಡುವ ಸೌಲಭ್ಯ ದುಬಾರಿ ಮಾಡೆಲ್‌ಗಳಲ್ಲಿ ಇರುತ್ತದೆ. ಟಿವಿಗೆಂದು ಏರಿಸಿದ್ದು ಮಾನಿಟರ್‌ಗೂ ಏರಿತು. ನಮ್ಮ ಮಾನಿಟರ್ 1366x768ರದ್ದು. ವಿಜಿಎಯಲ್ಲಿ ಅದಕ್ಕಿಂತ ಜಾಸ್ತಿ ಬಂದರೆ ಅದು ತೋರಿಸುವುದಿಲ್ಲ. ಫುಲ್ ಎಚ್‌ಡಿ ಟಿವಿ ಹಾಗಲ್ಲ, 1920x1080ರವರೆಗೆ ಯಾವುದು ಬಂದರೂ ಸಾಮಾನ್ಯವಾಗಿ ಹೊಂದಿಸಿಕೊಂಡು ಬಿಡುತ್ತದೆ. ಆ ಸೆಟ್ಟಿಂಗ್ ಡಿವಿಆರ್ ಒಳಗೇ ಉಳಿಯುತ್ತದೆ, ಆದ್ದರಿಂದ ಎಷ್ಟು ಸಲ ಆಫ್ ಆನ್ ಮಾಡಿದರೂ ಪ್ರಯೋಜನ ಇಲ್ಲ. ರಿಸೆಟ್ ಮಾಡಿದಾಗ ಅದು ಕಂಪನಿ ಇಟ್ಟ ಕಡಿಮೆ ರೆಸಲ್ಯೂಷನ್‌ಗೆ ಇಳಿಯಿತು, ಚಿತ್ರ ಬಂತು. ಅದಕ್ಕೇ ಅವರ ರಿಪೇರಿ ಕೆಲಸ ಮಾಡಿದ ಹಾಗೆ ಕಂಡದ್ದು.

ಪರದೆ ಮೇಲಿನ ಆ ಎರಡು ಮೂರು ಪದವನ್ನು ನಾನು ಸರಿಯಾಗಿ ಓದಿದ್ದರೆ ಸಾಕಿತ್ತು. No Signal ಅಂದರೆ ಮಾನಿಟರ್‌ಗೆ ಏನೂ ತಲುಪುತ್ತಿಲ್ಲ. ಆಗ ಕೇಬಲ್ ನೋಡಿ, ಟಿವಿಯಲ್ಲಿ ಸರಿಯಾದ HDMI 1 ಅಥವಾ HDMI 2 ಆರಿಸಿದ್ದೀರಾ ನೋಡಿ, ಡಿವಿಆರ್‌ಗೆ ಕರೆಂಟ್ ಬಂದಿದೆಯಾ ನೋಡಿ. Input Not Supported ಅಥವಾ Out of Range ಅಂದರೆ ಚಿತ್ರ ಮಾನಿಟರ್‌ವರೆಗೆ ಬಂದಿದೆ, ತೋರಿಸಲು ಅದಕ್ಕೆ ಆಗುತ್ತಿಲ್ಲ ಅಷ್ಟೇ. ಡಿವಿಆರ್ ಸತ್ತಿದ್ದರೆ ಈ ಮಾತು ಬರುವುದೇ ಇಲ್ಲ. ಇನ್ನೊಂದು ಗುರುತು ನನ್ನ ಜೇಬಿನಲ್ಲೇ ಇತ್ತು: ಆ ಬೆಳಿಗ್ಗೆ ಮೊಬೈಲ್ ಆ್ಯಪ್ ತೆಗೆದಿದ್ದರೆ ಎಂಟೂ ಕ್ಯಾಮೆರಾ ಕಾಣುತ್ತಿದ್ದವು. ಫೋನಿನಲ್ಲಿ ಕಾಣುವ ಡಿವಿಆರ್‌ಗೆ ಯಾರಾದರೂ ಬೋರ್ಡ್ ಹೋಗಿದೆ ಅಂದರೆ ಅವರ ಕೈಗೆ ಸ್ಕ್ರೂ ಡ್ರೈವರ್ ಕೊಡಬೇಡಿ.

ಹೀಗಾದರೆ ಮಾಡಬೇಕಾದ್ದು ಸುಲಭ. ಮನೆಯದೋ ಪಕ್ಕದ ಅಂಗಡಿಯದೋ ಒಂದು ಟಿವಿ ಹಿಡಿಯಿರಿ. ಮೊದಲು ಟಿವಿ ಆನ್ ಮಾಡಿ ಎಚ್‌ಡಿಎಂಐ ಚುಚ್ಚಿ, ಆಮೇಲೆ ಡಿವಿಆರ್ ಆನ್ ಮಾಡಿ. ಮೆನುವಿನಲ್ಲಿ Resolution ಇಳಿಸಿ Apply ಒತ್ತಿ, ಆಮೇಲೆ ವಾಪಸ್ ಮಾನಿಟರ್‌ಗೆ ಚುಚ್ಚಿ. ಮೌಸ್ ಮರೆಯಬೇಡಿ, ನಾವು ಮರೆತು ವಾಪಸ್ ಬಂದು ತಗೊಂಡು ಹೋದೆವು. ಕೆಲವು ಕಂಪನಿಯವರು ಮೌಸ್ ಅಥವಾ ಮುಂದಿನ ಬಟನ್‌ನಿಂದಲೇ ರೆಸಲ್ಯೂಷನ್ ಇಳಿಸುವ ದಾರಿ ಇಟ್ಟಿರುತ್ತಾರೆ, ಮ್ಯಾನುಯಲ್ ಇದ್ದರೆ ನೋಡಿ.

ಇಳಿಸುವಾಗ ನಾವು ಸ್ವಲ್ಪ ತಡಕಾಡಿದೆವು. ಮಾನಿಟರ್ 1366x768, ಆದರೆ ಡಿವಿಆರ್ ಪಟ್ಟಿಯಲ್ಲಿ ಆ ಸಂಖ್ಯೆ ಇರಲೇ ಇಲ್ಲ. ಇದ್ದದ್ದು 1024x768, 1280x720, 1280x1024, 1920x1080. ಮೊದಲನೆಯದಕ್ಕೆ ಚಿತ್ರ ಅಡ್ಡಕ್ಕೆ ಎಳೆದ ಹಾಗೆ ಕಂಡಿತು, ಎಲ್ಲರೂ ದಪ್ಪ. 1280x1024ಕ್ಕೆ ಎತ್ತರ ನಮ್ಮ ಮಾನಿಟರ್‌ಗಿಂತ ಜಾಸ್ತಿ, ಅದು ಬೇಡ. ಅಗಲ, ಎತ್ತರ ಎರಡೂ ಮಾನಿಟರ್ ಮಿತಿಯೊಳಗಿದ್ದು ಆಕಾರವೂ ಹೊಂದುವುದು 1280x720. ಅದನ್ನೇ ಇಟ್ಟೆವು. ಅಕ್ಷರ ಒಂಚೂರು ಮೆತ್ತಗೆ ಕಾಣುತ್ತವೆ, ಗಲ್ಲಾದಿಂದ ನೋಡಲು ಏನೂ ಸಾಲದಾಗಿಲ್ಲ.

ಇದರಿಂದ ರೆಕಾರ್ಡಿಂಗ್ ಕೆಡುತ್ತದಾ ಅಂತ ನನಗೂ ಭಯ ಇತ್ತು. ಇಲ್ಲ. ಪರದೆಗೆ ಹೋಗುವ ರೆಸಲ್ಯೂಷನ್ ಬೇರೆ, ಪ್ರತಿ ಕ್ಯಾಮೆರಾ ರೆಕಾರ್ಡ್ ಆಗುವ ರೆಸಲ್ಯೂಷನ್ ಬೇರೆ. ಎರಡು ಬೇರೆ ಪುಟದಲ್ಲಿರುತ್ತವೆ. ಪೆನ್‌ಡ್ರೈವ್‌ಗೆ ತೆಗೆದು ಕಂಪ್ಯೂಟರ್‌ನಲ್ಲಿ ನೋಡಿದೆ, ಕ್ಯಾಮೆರಾ ರೆಕಾರ್ಡ್ ಮಾಡಿದಷ್ಟೇ ಸ್ಪಷ್ಟ.

ಟಿವಿಗೆ ಹಾಕುವವರಿಗೆ ಒಂದು ಮಾತು: ಕೆಲವು ಟಿವಿ ಸುತ್ತಲಿನ ಅಂಚು ಕತ್ತರಿಸಿ ಹಿಗ್ಗಿಸಿ ತೋರಿಸುತ್ತವೆ, ಮೂಲೆಯ ತಾರೀಖು ಸಮಯ ಅರ್ಧ ಮಾಯ. ಅದಕ್ಕೆ ಡಿವಿಆರ್ ಮುಟ್ಟಬೇಡಿ. ಟಿವಿಯ ಪಿಕ್ಚರ್ ಮೆನುವಿನಲ್ಲಿ Just Scan ಅಥವಾ Screen Fit ಎಂದಿರುತ್ತದೆ, ಅದನ್ನು ಆರಿಸಿ.

ಆ ಒಂದು ಮೂಟೆ? ಮೇಸ್ತ್ರಿ ನಮ್ಮಲ್ಲಿ ಹದಿನೈದು ವರ್ಷದಿಂದ ಬರುವವರು. 42 ಮೂಟೆಯ ಕೂಲಿಯನ್ನೇ ಕೊಟ್ಟೆ.