ಕ್ಯಾಶ್‌ಲೆಸ್ ಮತ್ತು ಮರುಪಾವತಿ: ವೈದ್ಯಕೀಯ ದಾಖಲೆ ಎಲ್ಲಿಯವರೆಗೆ ಹೋಗುತ್ತದೆ?

ಎರಡು ವರ್ಷಗಳ ಅಂತರದಲ್ಲಿ, ಕಲಬುರಗಿಯ ಒಂದೇ ಖಾಸಗಿ ಆಸ್ಪತ್ರೆಯಲ್ಲಿ, ಒಂದೇ ಕುಟುಂಬ ಆರೋಗ್ಯ ವಿಮಾ ಪಾಲಿಸಿಯ ಮೇಲೆ ತಂದೆಯವರ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಕ್ಯಾಶ್‌ಲೆಸ್ ದಾರಿಯನ್ನೂ, ತಾಯಿಯವರ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮರುಪಾವತಿಯ ದಾರಿಯನ್ನೂ ಹಿಡಿದೆವು. ಕ್ಯಾಶ್‌ಲೆಸ್‌ನಲ್ಲಿ ವಿಮಾ ಕಂಪನಿಯೇ ಆಸ್ಪತ್ರೆಗೆ ಹಣ ಕಟ್ಟುತ್ತದೆ; ಮರುಪಾವತಿಯಲ್ಲಿ ನಾವು ಕಟ್ಟಿ, ನಂತರ ಕಂಪನಿಯಿಂದ ಪಡೆಯುತ್ತೇವೆ. ಹಣದ ಅನುಕೂಲ ಮೊದಲನೆಯದರಲ್ಲಿತ್ತು; ದಾಖಲೆಗಳ ಮೇಲಿನ ಹಿಡಿತ ಎರಡನೆಯದರಲ್ಲಿತ್ತು.

ತಂದೆಯವರು ದಾಖಲಾದಾಗ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಕೊಟ್ಟ ಅರ್ಜಿಗೆ ಓದದೆ ಸಹಿ ಹಾಕಿದೆ. ಆಸ್ಪತ್ರೆಯು ಚಿಕಿತ್ಸೆಯ ವಿವರಗಳನ್ನು ವಿಮಾ ಕಂಪನಿಗೂ, ಅದರ ಪರವಾಗಿ ಕ್ಲೇಮ್‌ಗಳನ್ನು ನಿರ್ವಹಿಸುವ ಸಂಸ್ಥೆಯಾದ ಟಿಪಿಎಗೂ ನೀಡಬಹುದೆಂಬ ಒಪ್ಪಿಗೆ ಅದರಲ್ಲೇ ಇತ್ತು. ಡ್ಯೂಟಿ ವೈದ್ಯರು ಜೊತೆಗಿದ್ದ ಕಾಕಾ ಅಂದಾಜಿನಲ್ಲಿ ಹೇಳಿದ್ದನ್ನು ಕೇಳಿ, ಕೇಸ್ ಶೀಟ್‌ನಲ್ಲಿ ‘ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ’ ಎಂದು ಬರೆದರು. ವಾಸ್ತವದಲ್ಲಿ ಅದು ಪತ್ತೆಯಾದದ್ದು ಎರಡು ವರ್ಷಗಳ ಹಿಂದೆ; ಪಾಲಿಸಿ ಕೊಂಡದ್ದು ಅದಕ್ಕೂ ಮೊದಲು, ನಾಲ್ಕು ವರ್ಷಗಳ ಹಿಂದೆ. ಕಂಪನಿ ಪ್ರಶ್ನೆ ಕೇಳಿದಾಗ ಆಸ್ಪತ್ರೆಯು ನಮಗೆ ತಿಳಿಸದೆ ಹಳೆಯ ಹೊರರೋಗಿ ಕಡತವನ್ನೇ ಕಳುಹಿಸಿತು. ತಂದೆಯವರು ನಿದ್ರಾಹೀನತೆಗಾಗಿ ಮನೋವೈದ್ಯರನ್ನು ಕಂಡಿದ್ದ ಚೀಟಿಯೂ ಅದರಲ್ಲಿತ್ತು. ಪಿತ್ತಕೋಶಕ್ಕೆ ಸಂಬಂಧವಿಲ್ಲದ ಆ ಚೀಟಿ ಹೊರಗೆ ಹೋದದ್ದು ಇಂದಿಗೂ ನನ್ನನ್ನು ನೋಯಿಸುತ್ತದೆ. ಕಾಯಿಲೆ ಮುಚ್ಚಿಟ್ಟ ಕಾರಣ ನೀಡಿ ಕ್ಯಾಶ್‌ಲೆಸ್ ಅನುಮತಿ ನಿರಾಕರಿಸಿದ್ದರಿಂದ ಬಿಲ್ ನಾವೇ ಕಟ್ಟಬೇಕಾಯಿತು. ಮೊದಲ ರಕ್ತಪರೀಕ್ಷೆಯ ದಿನಾಂಕವಿದ್ದ ವರದಿಯನ್ನೂ ಚಿಕಿತ್ಸೆ ನೀಡಿದ ವೈದ್ಯರ ಲಿಖಿತ ತಿದ್ದುಪಡಿಯನ್ನೂ ಕೊಟ್ಟ ಮೇಲಷ್ಟೇ ಹಣ ಮರಳಿತು.

ತಾಯಿಯವರ ಸರದಿಯಲ್ಲಿ ಸಾಲ ಮಾಡಿ ಬಿಲ್ ಕಟ್ಟಿ, ದಾಖಲೆಗಳ ಪ್ರತಿಯನ್ನು ನಾವೇ ಕೇಳಿ ಪಡೆದೆವು. ರೋಗಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆ ನೀಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳು ಹೇಳುತ್ತವೆ. ಪ್ರತಿ ಪುಟ ಓದಿ, ಪೂರ್ವ ಇತಿಹಾಸದ ಸಾಲನ್ನು ಪರಿಶೀಲಿಸಿ, ನಂತರ ಕ್ಲೇಮ್ ಸಲ್ಲಿಸಿದೆವು. ಚಿಕಿತ್ಸೆ ನೀಡಿದ ಯಾವುದೇ ಆಸ್ಪತ್ರೆಯಿಂದ ಮಾಹಿತಿ ಪಡೆಯಲು ಕಂಪನಿಗೆ ಅಧಿಕಾರ ಕೊಡುವ ಘೋಷಣೆ ಈ ನಮೂನೆಯಲ್ಲೂ ಇರುತ್ತದೆ. ಅದನ್ನು ಹೊಡೆದುಹಾಕದೆ, ಒಪ್ಪಿಗೆಯು ಈ ದಾಖಲಾತಿಯ ಅವಧಿಗೂ ಹರ್ನಿಯಾಕ್ಕೂ ಸೀಮಿತವೆಂದೂ, ಹೆಚ್ಚಿನದು ಬೇಕಿದ್ದರೆ ಕಾರಣ ಬರೆದು ನಮ್ಮನ್ನೇ ಕೇಳಬೇಕೆಂದೂ ಪತ್ರ ಲಗತ್ತಿಸಿ, ಅದರ ಪ್ರತಿಯನ್ನು ಆಸ್ಪತ್ರೆಯ ದಾಖಲೆ ವಿಭಾಗಕ್ಕೂ ಕೊಟ್ಟೆವು. ತನಿಖೆಗೆ ಬಂದವರು ಹತ್ತು ವರ್ಷಗಳ ಹೊರರೋಗಿ ಚೀಟಿಗಳನ್ನು ಕೇಳಿದಾಗ ವಿಭಾಗದವರು ಆ ಪತ್ರ ತೋರಿಸಿದರು. ಆಮೇಲೆ ಕಂಪನಿ ಲಿಖಿತವಾಗಿ ಕೇಳಿದ್ದು ಹರ್ನಿಯಾಕ್ಕಾಗಿ ಮೊದಲು ವೈದ್ಯರನ್ನು ಕಂಡ ಚೀಟಿಯನ್ನು ಮಾತ್ರ. ರೋಗ ಯಾವಾಗ ಆರಂಭವಾಯಿತೆಂದು ತಿಳಿಯಲು ಅದು ನ್ಯಾಯವಾದ ಬೇಡಿಕೆಯೇ ಆದ್ದರಿಂದ ಕೊಟ್ಟೆವು. ಇಂಥ ಕಾಗದವನ್ನೂ ನಿರಾಕರಿಸಿದ್ದರೆ ಕ್ಲೇಮ್ ನಿಂತುಹೋಗುತ್ತಿತ್ತು.

ಮುಂಚಿತವಾಗಿ ದಿನಾಂಕ ಗೊತ್ತಾದ ಶಸ್ತ್ರಚಿಕಿತ್ಸೆಗೆ, ಹಣ ಹೊಂದಿಸಲು ಸಾಧ್ಯವಿದ್ದರೆ, ನಾನು ಮರುಪಾವತಿಯನ್ನೇ ಆರಿಸುತ್ತೇನೆ. ತುರ್ತು ಸಂದರ್ಭದಲ್ಲಿ ಕ್ಯಾಶ್‌ಲೆಸ್ ಅನಿವಾರ್ಯ. ಆಗ ದಾಖಲಾದ ದಿನವೇ ಕೇಸ್ ಶೀಟ್‌ನ ಇತಿಹಾಸದ ಸಾಲನ್ನು ಓದಿಸಿಕೊಂಡು, ತಪ್ಪಿದ್ದರೆ ವೈದ್ಯರ ಸಹಿಯೊಂದಿಗೆ ಸರಿಪಡಿಸಿ, ಟಿಪಿಎಗೆ ಹೋಗುವ ಪ್ರತಿಯೊಂದು ಉತ್ತರದ ಪ್ರತಿಯನ್ನು ಡೆಸ್ಕ್‌ನಿಂದ ಕೇಳಿ ಪಡೆಯುತ್ತೇನೆ.