‘ಒಟ್ಟು ಲಾಭ ಶೇ 165’ ಎಂಬ ಸಾಲನ್ನು ನಂಬಿ ಮತ್ತೆ ಹಣ ಹಾಕುವ ಮುನ್ನ

ಮ್ಯೂಚುವಲ್ ಫಂಡ್ ಏಜೆಂಟರು ಕೊಡುವ ಪೋರ್ಟ್‌ಫೋಲಿಯೋ ವರದಿಯಲ್ಲಿ ಹಸಿರು ಬಣ್ಣದ ದಪ್ಪ ಅಂಕಿಯೊಂದು ಇರುತ್ತದೆ. ಅದು ಒಟ್ಟು ಲಾಭದ ಶೇಕಡಾವಾರು. ಹಣ ಎಷ್ಟು ವರ್ಷ ಅಲ್ಲಿತ್ತು, ಅದೇ ಅವಧಿಯಲ್ಲಿ ಮಾರುಕಟ್ಟೆ ಎಷ್ಟು ಏರಿತು ಎಂಬ ಎರಡು ವಿಷಯಗಳನ್ನು ಆ ಅಂಕಿ ಹೇಳುವುದೇ ಇಲ್ಲ. ಅದನ್ನು ನಂಬಿ ಶಿವಮೊಗ್ಗದಲ್ಲಿರುವ ನಮ್ಮ ಸೋದರಮಾವ ತಮ್ಮ ನಿವೃತ್ತಿಯ ಹಣದಲ್ಲಿ 20 ಲಕ್ಷವನ್ನು ಒಂದೇ ಸಲಕ್ಕೆ ಹಾಕಿದರು. ಬೇರೆಯವರ ಮನೆಯಲ್ಲಿ ಹೀಗಾಗಬಾರದು ಎಂದು ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

2010ರ ಮಾರ್ಚ್ ಕೊನೆಯಲ್ಲಿ ಮಾವ ದೊಡ್ಡ ಕಂಪನಿಗಳ ಷೇರು ಕೊಳ್ಳುವ ಒಂದು ಲಾರ್ಜ್ ಕ್ಯಾಪ್ ಫಂಡಿನಲ್ಲಿ 5 ಲಕ್ಷ ರೂಪಾಯಿ ಹಾಕಿದ್ದರು. ನಡುವೆ ಒಂದು ರೂಪಾಯಿ ಸೇರಿಸಲಿಲ್ಲ, ತೆಗೆಯಲೂ ಇಲ್ಲ. ಹನ್ನೆರಡು ವರ್ಷದ ನಂತರ, 2022ರ ಮಾರ್ಚ್ 31ರ ಲೆಕ್ಕದಂತೆ ಅದು 13.25 ಲಕ್ಷ ಆಗಿತ್ತು. ಅವರು ನಿವೃತ್ತರಾದ ಸುದ್ದಿ ತಿಳಿದ ಏಜೆಂಟರು ವರದಿಯ ಪ್ರಿಂಟ್ ಹಿಡಿದು ಮನೆಗೇ ಬಂದರು. ‘ಸರ್, 165 ಪರ್ಸೆಂಟ್ ಲಾಭ. ಹನ್ನೆರಡು ವರ್ಷಕ್ಕೆ ಭಾಗಿಸಿ, ವರ್ಷಕ್ಕೆ ಹೆಚ್ಚುಕಡಿಮೆ 14 ಬಿತ್ತು. ಯಾವ ಬ್ಯಾಂಕ್ ಕೊಡುತ್ತೆ ಹೇಳಿ?’ ಮಾವ ಆ ವಾರವೇ ಅದೇ ಫಂಡಿಗೆ 20 ಲಕ್ಷದ ಚೆಕ್ ಬರೆದುಕೊಟ್ಟರು. ನನ್ನ ಕೈಗೆ ಕಾಗದ ಸಿಕ್ಕಿದ್ದು ಅದಾದ ಮೇಲೆ.

165ನ್ನು 12ರಿಂದ ಭಾಗಿಸುವುದೇ ಮೊದಲ ಮೋಸ. ಈ ವರ್ಷದ ಲಾಭದ ಮೇಲೆ ಮುಂದಿನ ವರ್ಷ ಲಾಭ ಬರುವಾಗ ಹಾಗೆ ಭಾಗಿಸಲು ಬರುವುದಿಲ್ಲ. ನಿಜವಾಗಿ ವರ್ಷಕ್ಕೆ ಶೇ 13.75ರಂತೆ ಚಕ್ರಬಡ್ಡಿಯಲ್ಲಿ ಬೆಳೆದಿದ್ದರೆ ಆ 5 ಲಕ್ಷ 23 ಲಕ್ಷ ದಾಟಬೇಕಿತ್ತು. ಇವರ ಕೈಯಲ್ಲಿದ್ದದ್ದು 13.25 ಲಕ್ಷ. ವಾರ್ಷಿಕ ದರ, ಅಂದರೆ ಫಂಡಿನವರು ಸಿಎಜಿಆರ್ ಎನ್ನುವುದನ್ನು ಕಂಡುಹಿಡಿಯಲು ಈಗಿನ ಮೌಲ್ಯವನ್ನು ಹಾಕಿದ ಮೊತ್ತದಿಂದ ಭಾಗಿಸಿ, ವರ್ಷಗಳ ಸಂಖ್ಯೆಗೆ ತಕ್ಕ ಮೂಲ ತೆಗೆದು, ಒಂದನ್ನು ಕಳೆಯಬೇಕು. ಮೊಬೈಲಿನಲ್ಲಿರುವ ಶೀಟ್‌ನಲ್ಲಿ ಒಂದೇ ಸಾಲು ಸಾಕು:

```
=(13.25/5)^(1/12)-1
```

ಉತ್ತರ ಸುಮಾರು ಶೇ 8.5. ಇದನ್ನು ಕೇಳಿ ಮಾವ ಒಂದು ಕ್ಷಣ ಸುಮ್ಮನಾದರು. ಅವರ ಪಿಪಿಎಫ್ ಖಾತೆ ಅದೇ ಅವಧಿಯ ಒಂದು ವರ್ಷದಲ್ಲಿ, 2012-13ರಲ್ಲಿ, ಶೇ 8.8 ಬಡ್ಡಿ ಕೊಟ್ಟಿತ್ತು, ಶೇ 7.1ಕ್ಕೆ ಇಳಿದದ್ದು 2020ರ ಏಪ್ರಿಲ್‌ನಲ್ಲಿ. ಷೇರುಪೇಟೆಯ ಏರಿಳಿತವನ್ನೆಲ್ಲ ಹನ್ನೆರಡು ವರ್ಷ ಹೊತ್ತುಕೊಂಡು ಸಿಕ್ಕಿದ್ದು ಹೆಚ್ಚುಕಡಿಮೆ ಅಂಚೆ ಕಚೇರಿಯಲ್ಲಿ ಸಿಗುತ್ತಿದ್ದ ದರ.

ಆದರೂ ಇದೊಂದರಿಂದಲೇ ಫಂಡ್ ಕೆಟ್ಟದ್ದು ಎಂದು ತೀರ್ಮಾನಿಸಲು ಆಗುವುದಿಲ್ಲ. ಆ ಹನ್ನೆರಡು ವರ್ಷ ಇಡೀ ಮಾರುಕಟ್ಟೆಯೇ ನಿಧಾನಕ್ಕೆ ಸಾಗಿದ್ದರೆ ಶೇ 8.5 ಒಳ್ಳೆಯ ಕೆಲಸವೇ. ಅದಕ್ಕೇ ಬೆಂಚ್‌ಮಾರ್ಕ್, ಅಂದರೆ ಹೋಲಿಸಿ ನೋಡುವ ಅಳತೆಗೋಲು ಬೇಕು. 2010ರ ಮಾರ್ಚ್ 31ರಂದು 50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ನಿಫ್ಟಿ 50 ಸುಮಾರು 5,250ರಲ್ಲಿತ್ತು, 2022ರ ಮಾರ್ಚ್ 31ರಂದು ಸುಮಾರು 17,465ರಲ್ಲಿ. ವರ್ಷಕ್ಕೆ ಶೇ 10.5. ಯಾವ ಮ್ಯಾನೇಜರ್ ಇಲ್ಲದೆ, ಯಾವ ಸಂಶೋಧನೆ ಇಲ್ಲದೆ, ಆ 5 ಲಕ್ಷ ಬರೀ ಸೂಚ್ಯಂಕದ ಜೊತೆ ನಡೆದಿದ್ದರೂ 16.6 ಲಕ್ಷ ಆಗುತ್ತಿತ್ತು. ಹಸಿರು ಬಣ್ಣದ 165ರ ಹಿಂದೆ ಮೂರು ಲಕ್ಷಕ್ಕೂ ಮೀರಿದ ಕೊರತೆ ಅಡಗಿತ್ತು.

ನಿಜವಾದ ಕೊರತೆ ಅದಕ್ಕಿಂತಲೂ ದೊಡ್ಡದು. ಟಿವಿಯಲ್ಲಿ, ಪತ್ರಿಕೆಯಲ್ಲಿ ಕಾಣುವ ನಿಫ್ಟಿ ಅಂಕಿ ಬರೀ ಷೇರು ಬೆಲೆಯದು. ಕಂಪನಿಗಳು ಕೊಡುವ ಡಿವಿಡೆಂಡ್ ಅದರಲ್ಲಿ ಸೇರಿಲ್ಲ. ಫಂಡ್ ತನ್ನಲ್ಲಿರುವ ಷೇರುಗಳಿಗೆ ಬಂದ ಡಿವಿಡೆಂಡನ್ನು ಪಡೆದು ಎನ್‌ಎವಿಗೆ, ಅಂದರೆ ತನ್ನ ಒಂದು ಯೂನಿಟ್ಟಿನ ಬೆಲೆಗೆ ಸೇರಿಸಿಕೊಳ್ಳುತ್ತದೆ. ಡಿವಿಡೆಂಡ್ ಸೇರಿದ ಫಂಡನ್ನು ಡಿವಿಡೆಂಡ್ ಇಲ್ಲದ ಸೂಚ್ಯಂಕದ ಪಕ್ಕದಲ್ಲಿಟ್ಟರೆ ಫಂಡಿಗೆ ಪ್ರತಿ ವರ್ಷ ಶೇ 1ಕ್ಕೂ ಸ್ವಲ್ಪ ಹೆಚ್ಚಿನ ಪುಕ್ಕಟೆ ಮುನ್ನಡೆ ಸಿಗುತ್ತದೆ. ಇದನ್ನು ತಡೆಯಲೆಂದೇ ಸೆಬಿ 2018ರ ಫೆಬ್ರವರಿ 1ರಿಂದ ಎಲ್ಲ ಫಂಡುಗಳೂ ಡಿವಿಡೆಂಡ್ ಸೇರಿದ ಸೂಚ್ಯಂಕಕ್ಕೇ, ಅಂದರೆ ಟೋಟಲ್ ರಿಟರ್ನ್ ಇಂಡೆಕ್ಸ್‌ಗೇ ಹೋಲಿಸಬೇಕೆಂದು ಕಡ್ಡಾಯ ಮಾಡಿತು. ಫ್ಯಾಕ್ಟ್‌ಶೀಟ್‌ನಲ್ಲಿ ಸೂಚ್ಯಂಕದ ಹೆಸರಿನ ಮುಂದೆ ಟಿಆರ್‌ಐ ಎಂಬ ಮೂರು ಅಕ್ಷರ ಕಾಣುವುದು ಇದಕ್ಕೇ. ಏಜೆಂಟರು ತಾವೇ ತಯಾರಿಸಿದ ಹಾಳೆಯಲ್ಲಿ ಅದು ಇದ್ದೇ ಇರುತ್ತದೆ ಎಂದು ನಂಬಬೇಡಿ. ಮಾವನ ಲೆಕ್ಕಕ್ಕೆ ಡಿವಿಡೆಂಡ್ ಸೇರಿಸಿದರೆ ಸೂಚ್ಯಂಕದ ಬೆಳವಣಿಗೆ ವರ್ಷಕ್ಕೆ ಶೇ 11.5ನ್ನು ದಾಟುತ್ತದೆ, 5 ಲಕ್ಷ 18 ಲಕ್ಷದಾಚೆ ಹೋಗುತ್ತದೆ.

ಏಜೆಂಟರಿಗೆ ಫೋನ್ ಮಾಡಿದಾಗ ಅವರು ‘ಸೂಚ್ಯಂಕವನ್ನು ಯಾರೂ ಕೊಂಡುಕೊಳ್ಳಲು ಆಗುವುದಿಲ್ಲ’ ಎಂದರು. ಅದರಲ್ಲಿ ನಿಜಾಂಶವಿದೆ. ಸೂಚ್ಯಂಕಕ್ಕೆ ಖರ್ಚಿಲ್ಲ, ಸೂಚ್ಯಂಕವನ್ನೇ ಅನುಸರಿಸುವ ಇಂಡೆಕ್ಸ್ ಫಂಡಿಗೆ ಇದೆ. 2010ರ ಹೊತ್ತಿಗೆ ಆ ಖರ್ಚು ಇಂದಿನಷ್ಟು ಕಡಿಮೆಯೂ ಇರಲಿಲ್ಲ. ಖರ್ಚಿಗೆಂದು ವರ್ಷಕ್ಕೆ ಪೂರ್ತಿ ಶೇ 1 ಕಳೆದರೂ ಶೇ 10.5 ಉಳಿಯುತ್ತದೆ. ಮಾವನ ಶೇ 8.5 ಅದಕ್ಕೂ ಕೆಳಗೇ. ಈ ಉತ್ತರ ಕೊಟ್ಟ ಮೇಲೆ ಅವರು ಮಾತು ಬದಲಿಸಿ, ‘ಒಂದು ವರ್ಷದ ರಿಟರ್ನ್ ನೋಡಿ ಸರ್, 2020ರ ಮಾರ್ಚ್‌ನಿಂದ 78 ಪರ್ಸೆಂಟ್’ ಎಂದರು.

ಈ ತಂತ್ರದ ಬಗ್ಗೆ ವಿಶೇಷವಾಗಿ ಎಚ್ಚರಿಕೆ ಇರಲಿ. 2020ರ ಮಾರ್ಚ್ 23 ಕೊರೊನಾ ಕುಸಿತದ ತಳ. ನಿಫ್ಟಿ 7,610ಕ್ಕೆ ಬಿದ್ದಿತ್ತು. ಸರಿಯಾಗಿ ಒಂದು ವರ್ಷಕ್ಕೆ ಅದು ಸುಮಾರು 14,800. ಅಂದರೆ ಸೂಚ್ಯಂಕವೇ ಶೇ 95ರ ಹತ್ತಿರ ಏರಿತ್ತು. ಅಂಥ ವರ್ಷದಲ್ಲಿ ಶೇ 78 ಗಳಿಸಿದ ಫಂಡ್ ಹಿಂದೆ ಬಿದ್ದಿದೆ. ಆದರೆ ಪಕ್ಕದಲ್ಲಿ ಸೂಚ್ಯಂಕ ಇಲ್ಲದೆ ಕೇಳಿದವರಿಗೆ 78 ಪವಾಡದಂತೆ ಕಾಣುತ್ತದೆ. ಆರಂಭದ ದಿನವನ್ನು ತಳಕ್ಕೆ ಸರಿಯಾಗಿ ಇಟ್ಟರೆ ಯಾವ ಫಂಡೂ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಯಾರಾದರೂ ದಿನಾಂಕ ಆರಿಸಿ ಅಂಕಿ ಹೇಳಿದರೆ, ಆ ದಿನವನ್ನು ಆರು ತಿಂಗಳು ಹಿಂದಕ್ಕೆ ತಳ್ಳಿ ಅದೇ ಲೆಕ್ಕ ಕೇಳಿ.

ಎಸ್‌ಐಪಿಯಲ್ಲಿ ಒಟ್ಟು ಲಾಭದ ಅಂಕಿ ಇನ್ನೊಂದು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಬೇರೆ ಫಂಡಿನಲ್ಲಿ ತಿಂಗಳಿಗೆ 10,000ದಂತೆ ಐದು ವರ್ಷ ಕಟ್ಟಿದ್ದರು. ಕಟ್ಟಿದ್ದು 6 ಲಕ್ಷ, ಆಗಿದ್ದು 8 ಲಕ್ಷ. ವರದಿಯಲ್ಲಿ ಶೇ 33. ಮಾವನ 165ರ ಪಕ್ಕದಲ್ಲಿ ಇದು ಬಡಪಾಯಿಯಂತೆ ಕಂಡಿತು. ‘ನಿನ್ನದು ನಿಲ್ಲಿಸಿ ನನ್ನ ಫಂಡಿಗೆ ಹಾಕು’ ಎಂದು ಮಾವ ಹೇಳಿಯೂ ಆಗಿತ್ತು. ನಿಜವೇನೆಂದರೆ, ಅತ್ತೆಯ ಮೊದಲ ಕಂತು ಐದು ವರ್ಷ ದುಡಿದಿದೆ, ಕೊನೆಯ ಕಂತು ಒಂದೇ ತಿಂಗಳು. ಒಟ್ಟಾರೆ ಹಣ ಸರಾಸರಿ ಎರಡೂವರೆ ವರ್ಷ ಮಾತ್ರ ಫಂಡಿನಲ್ಲಿತ್ತು. ಪ್ರತಿ ಕಂತಿಗೂ ಅದರ ದಿನಾಂಕ ಕೊಟ್ಟು ಲೆಕ್ಕ ಹಾಕಿದರೆ ವಾರ್ಷಿಕ ದರ ಸುಮಾರು ಶೇ 11.5. ಅದೇ 6 ಲಕ್ಷವನ್ನು ಮೊದಲ ದಿನವೇ ಒಟ್ಟಿಗೆ ಹಾಕಿ 8 ಲಕ್ಷ ಆಗಿದ್ದರೆ ಶೇ 6ಕ್ಕಿಂತ ಕಡಿಮೆ. ಎರಡೂ ಕಡೆ ವರದಿ ತೋರಿಸುವುದು ಅದೇ 33.

ಈ ಲೆಕ್ಕಕ್ಕೆ ಶೀಟ್‌ನಲ್ಲೇ ಇರುವ ಎಕ್ಸ್‌ಐಆರ್‌ಆರ್ ಎಂಬ ಸೂತ್ರ ಬೇಕು. ಎರಡನೇ ಸಾಲಿನಿಂದ ಶುರುಮಾಡಿ ಶೀಟ್‌ನ A ಕಾಲಂನಲ್ಲಿ ದಿನಾಂಕ, B ಕಾಲಂನಲ್ಲಿ ಕಟ್ಟಿದ ಮೊತ್ತ. ಕಟ್ಟಿದ್ದಕ್ಕೆಲ್ಲ ಮೈನಸ್ ಚಿಹ್ನೆ ಹಾಕಿ, ಕೊನೆಯ ಸಾಲಿನಲ್ಲಿ ಇಂದಿನ ದಿನಾಂಕ ಮತ್ತು ಇಂದಿನ ಮೌಲ್ಯವನ್ನು ಮೈನಸ್ ಇಲ್ಲದೆ ಬರೆಯಿರಿ. ಅರವತ್ತು ಕಂತಿದ್ದರೆ:

```
=XIRR(B2:B62, A2:A62)
```

ಬಹುತೇಕ ಜನ ಇಲ್ಲಿಗೇ ನಿಲ್ಲುತ್ತಾರೆ, ಆದರೆ ಎಸ್‌ಐಪಿಯ ದರವನ್ನು ಸೂಚ್ಯಂಕದ ಐದು ವರ್ಷದ ಸಿಎಜಿಆರ್‌ಗೆ ನೇರ ಹೋಲಿಸಿದರೆ ಮತ್ತೆ ತಪ್ಪು ಉತ್ತರ ಬರುತ್ತದೆ. ಒಂದರಲ್ಲಿ ಹಣ ಕಂತಿನಲ್ಲಿ ಬಂದಿದೆ, ಇನ್ನೊಂದರಲ್ಲಿ ಒಟ್ಟಿಗೆ. ಅತ್ತೆಯ ಪ್ರತಿ ಕಂತೂ ಅದೇ ದಿನ ಸೂಚ್ಯಂಕಕ್ಕೆ ಹೋಗಿದ್ದರೆ ಎಂದು ಊಹಿಸಿ ಲೆಕ್ಕ ಮಾಡಬೇಕು. ಪ್ರತಿ ಕಂತಿನ 10,000ವನ್ನು ಆ ದಿನದ ಟಿಆರ್‌ಐ ಅಂಕಿಯಿಂದ ಭಾಗಿಸಿ. ಬಂದ ಅರವತ್ತು ಭಾಗಲಬ್ಧಗಳನ್ನು ಕೂಡಿಸಿ, ಮೊತ್ತವನ್ನು ಇಂದಿನ ಟಿಆರ್‌ಐಯಿಂದ ಗುಣಿಸಿ. ಅದು ಸೂಚ್ಯಂಕದಲ್ಲಿ ಆಗುತ್ತಿದ್ದ ಹಣ. ಕೊನೆಯ ಸಾಲಿನಲ್ಲಿ 8 ಲಕ್ಷದ ಬದಲು ಅದನ್ನಿಟ್ಟು ಎಕ್ಸ್‌ಐಆರ್‌ಆರ್ ತೆಗೆದರೆ ಎರಡೂ ಸಮ ನೆಲದಲ್ಲಿ ನಿಲ್ಲುತ್ತವೆ. ಟಿಆರ್‌ಐಯ ಹಳೆಯ ಅಂಕಿಗಳು niftyindices.com ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಎಚ್ಚರ: ಒಂದು ವರ್ಷವೂ ಆಗದ ಹೂಡಿಕೆಗೆ ಎಕ್ಸ್‌ಐಆರ್‌ಆರ್ ಹಾಕಬೇಡಿ. ಒಂದೇ ತಿಂಗಳಲ್ಲಿ ಶೇ 4 ಏರಿದ್ದನ್ನೂ ಅದು ವರ್ಷಕ್ಕೆ ಹಿಗ್ಗಿಸಿ ಶೇ 60 ಎಂದು ತೋರಿಸುತ್ತದೆ.

ಸೂಚ್ಯಂಕವೂ ಫಂಡಿನ ಜಾತಿಗೆ ಹೊಂದಬೇಕು. ಅತ್ತೆಯದು ಮಿಡ್ ಕ್ಯಾಪ್ ಫಂಡ್. ಅದನ್ನು ನಿಫ್ಟಿ 50ಕ್ಕೋ ಸೆನ್ಸೆಕ್ಸ್‌ಗೋ ಹೋಲಿಸಿದರೆ ಮಧ್ಯಮ ಕಂಪನಿಗಳು ಏರಿದ ವರ್ಷಗಳಲ್ಲಿ ಸಾಧಾರಣ ಮ್ಯಾನೇಜರ್ ಕೂಡ ಜಾಣನಾಗಿ ಕಾಣುತ್ತಾನೆ. ನಿಫ್ಟಿ ಮಿಡ್‌ಕ್ಯಾಪ್ 150 ಟಿಆರ್‌ಐ ಅದಕ್ಕೆ ಸರಿಯಾದ ಅಳತೆ.

ಮಾವನ ಹೊಸ 20 ಲಕ್ಷಕ್ಕೆ ಒಂದು ವರ್ಷದೊಳಗೆ ತೆಗೆದರೆ ಶೇ 1 ಎಕ್ಸಿಟ್ ಲೋಡ್ ಇತ್ತು, ಅಂದರೆ ಇಪ್ಪತ್ತು ಸಾವಿರ ರೂಪಾಯಿ. ಹಳೆಯ ಹಣಕ್ಕೆ ಲೋಡ್ ಇಲ್ಲದಿದ್ದರೂ ಮಾರಿದರೆ ಲಾಭದ ಮೇಲೆ ತೆರಿಗೆ ಬೀಳುತ್ತಿತ್ತು. ಸಿಟ್ಟಿನಲ್ಲಿ ಎಲ್ಲವನ್ನೂ ಒಂದೇ ದಿನ ಹೊರತೆಗೆಯುವುದು ಬೇಡ ಎಂದು ನಾನೇ ತಡೆದೆ. ಹೊಸ ಹಣ ವರ್ಷ ತುಂಬುವವರೆಗೆ ಕಾಯಿತು. ಹಳೆಯದನ್ನು ತೆರಿಗೆ ವಿನಾಯಿತಿಯ ಮಿತಿ ನೋಡಿಕೊಂಡು ಹಣಕಾಸು ವರ್ಷಕ್ಕಿಷ್ಟು ಎಂದು ಇಂಡೆಕ್ಸ್ ಫಂಡಿನ, ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ಗೆ ಸಾಗಿಸುತ್ತಿದ್ದಾರೆ. ಅತ್ತೆಯ ಎಸ್‌ಐಪಿ ನಿಲ್ಲಲಿಲ್ಲ.

ಒಂದೆರಡು ವರ್ಷ ಹಿಂದುಳಿದ ಕಾರಣಕ್ಕೆ ಫಂಡ್ ಬಿಟ್ಟು ಓಡಬೇಕಿಲ್ಲ. ಒಳ್ಳೆಯ ಫಂಡುಗಳೂ ಹಾಗೆ ಹಿಂದುಳಿಯುತ್ತವೆ. ಒಂದೇ ಜೋಡಿ ದಿನಾಂಕ ನೋಡಿ ತೀರ್ಪು ಕೊಡುವುದೂ ಸರಿಯಲ್ಲ, ಮಾವನ ಫಂಡಿಗೂ ಆ ನ್ಯಾಯ ಸಲ್ಲಬೇಕು. ಹಾಗಾಗಿ ಹಣ ಸಾಗಿಸುವ ಮುನ್ನ 2010ರಿಂದ ಪ್ರತಿ ವರ್ಷದ ಮಾರ್ಚ್ ಕೊನೆಯಿಂದ ಶುರುವಾಗುವ ಐದೈದು ವರ್ಷದ ತುಂಡುಗಳನ್ನು ಬೇರೆಬೇರೆಯಾಗಿ ತೆಗೆದು ಫಂಡನ್ನೂ ಟಿಆರ್‌ಐಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಬಹುತೇಕ ತುಂಡುಗಳಲ್ಲಿ ಫಂಡ್ ಹಿಂದೆಯೇ ಇತ್ತು. ಮಾವ ಒಪ್ಪಿದ್ದು ಆ ಪಟ್ಟಿ ನೋಡಿದ ಮೇಲೆ.